ಕ್ಲಿಕ್ ಅಂದರೆ ಸಾಲದು: ಗ್ರಾಫಿಕ್ಸ್ ಕಾರ್ಡಿನ ಪ್ಲಗ್ ಕರಗುವುದು ಯಾಕೆ?

ಗೆಳೆಯನೊಬ್ಬನ ಕಂಪ್ಯೂಟರ್ ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗಿ ನಿಂತುಬಿಡುತ್ತಿತ್ತು. ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು, ಚಿತ್ರ ಮಾತ್ರ ಇಲ್ಲ. ಡ್ರೈವರ್ ಬದಲಿಸಿದ್ದ, ವಿಂಡೋಸ್ ಹೊಸದಾಗಿ ಹಾಕಿದ್ದ. ಗಾಜಿನ ಬಾಗಿಲು ತೆಗೆದು ಗ್ರಾಫಿಕ್ಸ್ ಕಾರ್ಡಿನ ಪ್ಲಗ್ ಎಳೆದರೆ ಅದು ಸಲೀಸಾಗಿ ಬರಲಿಲ್ಲ. ಅಂಟಿಕೊಂಡಂತೆ ತಡೆದು, ಆಮೇಲೆ ಬಂತು. ಟಾರ್ಚ್ ಹಿಡಿದು ನೋಡಿದೆ. ಹನ್ನೆರಡು ತೂತುಗಳಲ್ಲಿ ಒಂದು ಮೂಲೆಯ ಎರಡರ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಚೌಕವಾಗಿ ಇರಬೇಕಾದ ಪ್ಲಾಸ್ಟಿಕ್ ಮೇಣದ ಹಾಗೆ ಒಂದು ಕಡೆ ಜಗ್ಗಿತ್ತು.

"ನಾನು ಸರಿಯಾಗೇ ಹಾಕಿದ್ದೆ ಕಣೋ, ಕ್ಲಿಕ್ ಅಂತ ಶಬ್ದಾನೂ ಬಂದಿತ್ತು" ಅಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಗಾಜಿನ ಒಳಮೈಯಲ್ಲಿ ಕೇಬಲ್ ಒತ್ತಿಕೊಂಡಿದ್ದ ಗುರುತು ಉದ್ದಕ್ಕೆ ಮೂಡಿತ್ತು. ಪ್ಲಗ್ ಸರಿಯಾಗಿ ಕೂತಿರಬಹುದು. ಆದರೆ ಬಾಗಿಲು ಮುಚ್ಚಿದ ಮೇಲೆ ಅದು ಹಾಗೇ ಉಳಿದಿರಲಿಲ್ಲ. ಕ್ಲಿಕ್ ಆದ ಕ್ಷಣಕ್ಕೂ ಕಾರ್ಡ್ ಕೆಲಸ ಮಾಡುವ ಸಾವಿರಾರು ಗಂಟೆಗಳಿಗೂ ನಡುವೆ ಏನಾಗುತ್ತದೆ ಅನ್ನುವುದನ್ನೇ ಇಲ್ಲಿ ಬಿಡಿಸಿ ನೋಡೋಣ.

ಆರು ಪಿನ್ನಿನ ಮೇಲೆ ಎಷ್ಟು ಹೊರೆ

ಮೊದಲು ಹಳೆಯ ಪ್ಲಗ್ ನೆನಪಿಸಿಕೊಳ್ಳಿ. ಎಂಟು ಪಿನ್ನಿನ ಆ ದಪ್ಪ ಪ್ಲಗ್‌ಗೆ 150 ವ್ಯಾಟ್ ಮಿತಿ. ಅದರಲ್ಲಿ 12 ವೋಲ್ಟ್ ಹೊರುವ ಪಿನ್‌ಗಳು ಮೂರು. ಲೆಕ್ಕ ಹಾಕಿದರೆ ಒಂದೊಂದಕ್ಕೆ ಸುಮಾರು 4.2 ಆಂಪಿಯರ್ ಬರುತ್ತದೆ. ಆ ಪಿನ್ ಅದರ ಸುಮಾರು ಎರಡರಷ್ಟನ್ನು ತಾಳಬಲ್ಲದು. ಹಾಗಾಗಿ ಪ್ಲಗ್ ಸ್ವಲ್ಪ ಸಡಿಲ ಇದ್ದರೂ, ಒಂದು ಪಿನ್ ಕೈಕೊಟ್ಟರೂ ಉಳಿದವು ಸುಧಾರಿಸಿಕೊಂಡು ಹೋಗುತ್ತಿದ್ದವು. ನಾವೆಲ್ಲ ವರ್ಷಗಟ್ಟಲೆ ಅದನ್ನು ಅಜಾಗರೂಕತೆಯಿಂದ ಚುಚ್ಚಿಯೂ ಏನೂ ಆಗದೆ ಪಾರಾಗಿದ್ದು ಇದರಿಂದಲೇ.

ಹೊಸ ಪ್ಲಗ್ ಹೆಸರು 12VHPWR. ಅದರ ತಿದ್ದಿದ ರೂಪ 12V-2x6. ಇದರಲ್ಲಿ ಎರಡು ಸಾಲಿನಲ್ಲಿ ಹನ್ನೆರಡು ದೊಡ್ಡ ಪಿನ್, ಅಂಚಿನಲ್ಲಿ ನಾಲ್ಕು ಪುಟ್ಟ ಸಂಕೇತ ಪಿನ್. ದೊಡ್ಡದರಲ್ಲಿ ಆರು 12 ವೋಲ್ಟ್‌ಗೆ, ಇನ್ನಾರು ಗ್ರೌಂಡ್‌ಗೆ. ಮಿತಿ 600 ವ್ಯಾಟ್. ಅಂದರೆ 50 ಆಂಪಿಯರ್, ಒಂದು ಪಿನ್ನಿಗೆ 8.3. ಪಿನ್ ತಾಳುವುದು ಒಂಬತ್ತು ಚಿಲ್ಲರೆ ಆಂಪಿಯರ್. ಪಿನ್‌ನಿಂದ ಪಿನ್ನಿಗೆ ಇರುವ ದೂರವೂ 4.2 ಮಿಲಿಮೀಟರ್‌ನಿಂದ 3 ಮಿಲಿಮೀಟರ್‌ಗೆ ಇಳಿದಿದೆ.

ಹಳೆಯದರಲ್ಲಿ ಇದ್ದ ದುಪ್ಪಟ್ಟು ಅವಕಾಶ ಇಲ್ಲಿ ಹತ್ತು ಪರ್ಸೆಂಟಿನ ಆಸುಪಾಸಿಗೆ ಬಂದು ನಿಂತಿದೆ. ಆರು ಪಿನ್ನೂ ಸಮಪಾಲು ಹೊತ್ತರೆ ಮಾತ್ರ ಎಲ್ಲ ಸರಿ. ಈ "ಸಮಪಾಲು" ಅನ್ನುವ ಮಾತಿನ ಮೇಲೆಯೇ ಇಡೀ ಪ್ಲಗ್ ನಿಂತಿದೆ. ಆದರೆ ಪಾಲು ಸಮವಾಗಿದೆಯೇ ಅಂತ ನೋಡುವವರು ಹೆಚ್ಚಿನ ಕಾರ್ಡ್‌ಗಳಲ್ಲಿ ಯಾರೂ ಇಲ್ಲ.

ಲೆಕ್ಕ ಹಾಕಿ ನೋಡೋಣ

2025ರ ಜನವರಿ ಕೊನೆಗೆ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 5090 ಕಾರ್ಡಿನ ಮಿತಿ 575 ವ್ಯಾಟ್. ಅಷ್ಟೂ ಈ ಪ್ಲಗ್‌ನಿಂದಲೇ ಬರುತ್ತದೆ ಅಂದುಕೊಳ್ಳಿ. ಒಟ್ಟು ಸುಮಾರು 48 ಆಂಪಿಯರ್, ತಂತಿಗೆ 8.

ಒಂದು ತಂತಿಯ ದಾರಿಯಲ್ಲಿ ಎಷ್ಟು ತಡೆ ಇದೆ? ಅರವತ್ತು ಸೆಂಟಿಮೀಟರ್ ಉದ್ದದ 16 ಗೇಜ್ ತಾಮ್ರದ ತಂತಿಯಲ್ಲಿ ಸುಮಾರು 8 ಮಿಲಿ ಓಮ್. ಎರಡೂ ತುದಿಯಲ್ಲಿ ಪಿನ್ ಕೂಡುವ ಜಾಗಕ್ಕೆ ತಲಾ 2 ಅಂತ ಇಟ್ಟುಕೊಳ್ಳೋಣ. ಒಟ್ಟು 12 ಮಿಲಿ ಓಮ್. ಇಂಥ ಆರು ದಾರಿ ಒಂದೇ ಥರ ಇದ್ದರೆ ಕರೆಂಟ್ ಸಮವಾಗಿ ಹಂಚಿಹೋಗುತ್ತದೆ. ಒಂದೊಂದು ಪಿನ್ ಕೂಡುವ ಜಾಗದಲ್ಲಿ ಹುಟ್ಟುವ ಬಿಸಿ ಸುಮಾರು 0.13 ವ್ಯಾಟ್. ಏನೂ ಅಲ್ಲ.

ಈಗ ಪ್ಲಗ್ ಒಂದು ಬದಿಗೆ ಚೂರು ಓರೆಯಾಗಿದೆ ಅನ್ನಿ. ಆರರಲ್ಲಿ ನಾಲ್ಕು ಪಿನ್ ಕಾರ್ಡಿನ ಕಡೆ ಸರಿಯಾಗಿ ಕಚ್ಚಿಕೊಂಡಿಲ್ಲ, ಅಲ್ಲಿ 20 ಮಿಲಿ ಓಮ್ ಜಾಸ್ತಿ ಸೇರಿಕೊಂಡಿದೆ. ನೀರು ಸುಲಭದ ಕಾಲುವೆಗೆ ನುಗ್ಗುವ ಹಾಗೆ ಕರೆಂಟ್ ಉಳಿದ ಎರಡು ಒಳ್ಳೆಯ ಪಿನ್ನುಗಳ ಕಡೆ ಹರಿಯುತ್ತದೆ. ಅವೆರಡಕ್ಕೆ ತಲಾ 13.7 ಆಂಪಿಯರ್, ಕೆಟ್ಟ ನಾಲ್ಕಕ್ಕೆ ತಲಾ 5.1. ಒಳ್ಳೆಯ ಪಿನ್ನುಗಳು ಮಿತಿಯನ್ನು ಒಂದೂವರೆ ಪಟ್ಟು ದಾಟಿಬಿಟ್ಟವು.

ಹಾಗಂತ ಕೆಟ್ಟ ಪಿನ್ನುಗಳು ತಣ್ಣಗಿವೆಯೇ? ಅದೂ ಇಲ್ಲ. ಅವು ಹೊರುವುದು ಕಡಿಮೆ, ಆದರೆ ತಡೆ ಹತ್ತುಪಟ್ಟು ಜಾಸ್ತಿ. ಒಂದೊಂದರಲ್ಲೂ ಸುಮಾರು 0.58 ವ್ಯಾಟ್ ಬಿಸಿ. ಎಲ್ಲ ಕೂಡಿಸಿದರೆ ಆರು ಪಿನ್ನುಗಳ ಬಿಸಿ 0.8 ವ್ಯಾಟ್‌ನಿಂದ 3 ವ್ಯಾಟ್‌ಗೆ ಏರಿತು. ಹೆಬ್ಬೆರಳಿನ ತುದಿಯಷ್ಟು ಜಾಗ, ಸುತ್ತ ಪ್ಲಾಸ್ಟಿಕ್, ಪಕ್ಕದಲ್ಲೇ ಕಾಯ್ದ ಕಾರ್ಡ್. ಬಿಸಿಯಾದಂತೆ ಪಿನ್ನಿನ ಸ್ಪ್ರಿಂಗ್ ಹಿಡಿತ ಸಡಿಲವಾಗುತ್ತದೆ. ಹಿಡಿತ ಸಡಿಲವಾದಷ್ಟೂ ತಡೆ ಏರುತ್ತದೆ. ತಡೆ ಏರಿದಷ್ಟೂ ಇನ್ನಷ್ಟು ಬಿಸಿ. ಕಾರ್ಡ್ ತಿಂಗಳುಗಟ್ಟಲೆ ಚೆನ್ನಾಗಿದ್ದು ಆಮೇಲೆ ಒಂದು ದಿನ ಸುಡುವುದು ಈ ಸುತ್ತಾಟದಿಂದಲೇ.

ಕಾರ್ಡಿಗೆ ಇದು ಗೊತ್ತಾಗುವುದಿಲ್ವಾ? ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದ 48 ಆಂಪಿಯರ್ ಬರುತ್ತಲೇ ಇದೆ. 2022ರ ಆರ್‌ಟಿಎಕ್ಸ್ 3090 ಟಿಐ ಕಾರ್ಡಿನಲ್ಲಿ ಆರು ಪಿನ್ನುಗಳನ್ನು ಎರಡೆರಡರ ಮೂರು ಗುಂಪು ಮಾಡಿ ಪ್ರತ್ಯೇಕವಾಗಿ ಅಳೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ 4090ರಲ್ಲಿ ಆರನ್ನೂ ಒಳಗೆ ಒಂದೇ ತಾಮ್ರದ ಪಟ್ಟಿಗೆ ಸೇರಿಸಿಬಿಟ್ಟರು. ಆಮೇಲೆ ಬಂದ 5090 ಕೂಡ ಅದೇ ದಾರಿ ಹಿಡಿಯಿತು. ನನ್ನ ಪ್ರಕಾರ ತಪ್ಪಿನ ಬೇರು ಇರುವುದು ಇಲ್ಲೇ. ಬಳಕೆದಾರ ಪ್ಲಗ್ ಸರಿಯಾಗಿ ಹಾಕಬೇಕು, ನಿಜ. ಆದರೆ ತಪ್ಪಾಗಿ ಹಾಕಿದಾಗ ಹೇಳುವ ಕಣ್ಣನ್ನು ಮೊದಲು ಇಟ್ಟಿದ್ದವರು ಆಮೇಲೆ ತೆಗೆದರು. ಪಿನ್ ಪಿನ್ನಿನ ಕರೆಂಟನ್ನು ಅಳೆದು ತೋರಿಸುವ ಕೆಲವು ದುಬಾರಿ ಮಾದರಿಗಳು, ಉದಾಹರಣೆಗೆ ಏಸಸ್‌ನ ಆಸ್ಟ್ರಲ್, ಈಗ ಇವೆ. ಅದು ದುಬಾರಿ ಮಾದರಿಗೆ ಮಾತ್ರ ಸಿಗುವ ಸೌಲಭ್ಯ ಆಗಬಾರದಿತ್ತು.

ಸಾಫ್ಟ್‌ವೇರಿನಲ್ಲಿ ವೋಲ್ಟೇಜ್ ನೋಡಿ ಪತ್ತೆ ಹಚ್ಚಬಹುದು ಅಂತ ಎಷ್ಟೋ ಜನ ನಂಬಿದ್ದಾರೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿ ನೋಡಿ. ಆರೂ ಚೆನ್ನಾಗಿದ್ದಾಗ 12 ವೋಲ್ಟಿನ ದಾರಿಯಲ್ಲಿ ಕಳೆದುಹೋಗುವುದು ಸುಮಾರು 0.10 ವೋಲ್ಟ್. ನಾಲ್ಕು ಕೆಟ್ಟಾಗ 0.16. ವ್ಯತ್ಯಾಸ ಬರೀ 0.06ರಿಂದ 0.07 ವೋಲ್ಟ್. ಆಟದ ಹೊರೆ ಏರಿಳಿದಾಗಲೇ ಅಷ್ಟು ಅಲುಗಾಡುತ್ತದೆ. ವೋಲ್ಟೇಜ್ ತುಂಬಾ ಕುಸಿದರೆ ಖಂಡಿತ ಅಪಾಯ. ಆದರೆ ಕುಸಿದಿಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಪೂರ್ತಿ ಕೂರುವುದು ಅಂದರೆ

4090 ಬಂದ ತಿಂಗಳಲ್ಲೇ ಕರಗಿದ ಅಡಾಪ್ಟರುಗಳ ಚಿತ್ರ ಬರತೊಡಗಿದವು. ನವೆಂಬರ್ 2022ರಲ್ಲಿ ಎನ್ವಿಡಿಯಾ, ತನಗೆ ತಿಳಿದ ಪ್ರಕರಣಗಳು ಜಗತ್ತಿನಾದ್ಯಂತ ಸುಮಾರು 50 ಎಂದೂ, ಪ್ಲಗ್ ಪೂರ್ತಿ ಕೂರದೇ ಇರುವುದು ಅವುಗಳಲ್ಲಿ ಕಂಡ ಸಾಮಾನ್ಯ ತೊಂದರೆ ಎಂದೂ ಹೇಳಿತು. ಅರ್ಧ ಕೂತ ಪ್ಲಗ್ಗಿಗೂ ಕಾರ್ಡ್ ಕೆಲಸ ಮಾಡುತ್ತಿತ್ತು ಅನ್ನುವುದು ದೊಡ್ಡ ಕೊರತೆ. ಸಂಕೇತ ಪಿನ್ನುಗಳು ತಾಗಿದರೆ ಸಾಕು, "ಕೇಬಲ್ ಬಂದಿದೆ" ಅಂದುಕೊಂಡು ಅದು ಪೂರ್ತಿ ಪವರ್ ಎಳೆಯುತ್ತಿತ್ತು.

2023ರ ತಿದ್ದುಪಡಿಯಾದ 12V-2x6 ಇದನ್ನೇ ಸರಿಪಡಿಸಿತು. ದೊಡ್ಡ ಪಿನ್ನುಗಳನ್ನು 0.25 ಮಿಲಿಮೀಟರ್ ಉದ್ದ ಮಾಡಿದರು, ಸಂಕೇತ ಪಿನ್ನುಗಳನ್ನು ಸುಮಾರು ಒಂದೂವರೆ ಮಿಲಿಮೀಟರ್ ಒಳಗೆ ಸರಿಸಿದರು. ಈಗ ಪ್ಲಗ್ ಸ್ವಲ್ಪ ಹೊರಗಿದ್ದರೆ ಸಂಕೇತ ಪಿನ್ ತಾಗುವುದಿಲ್ಲ, ಕಾರ್ಡ್ ಪವರ್ ಎಳೆಯುವುದಿಲ್ಲ. ಬದಲಾಗಿದ್ದು ಸಾಕೆಟ್ ಮಾತ್ರ, ಕೇಬಲ್ಲಿನ ತುದಿ ಅದೇ. ಹಾಗಾಗಿ ಹೊಸ ಕೇಬಲ್ ಕೊಂಡು ಹಳೆಯ 4090ಕ್ಕೆ ಹಾಕಿದರೆ ಈ ರಕ್ಷಣೆ ಬರುವುದಿಲ್ಲ. ಸಾಕೆಟ್ ಮೇಲೆ H++ ಅಂತ ಗುರುತು ಇದೆಯಾ ನೋಡಿ, ಇದ್ದರೆ ಅದು ಹೊಸದು.

ಆದರೆ ಆ ತಿದ್ದುಪಡಿ ತಡೆಯುವುದು ಉದ್ದಕ್ಕೆ ಹೊರಬಂದ ಪ್ಲಗ್ಗನ್ನು. ಒಂದು ಬದಿಗೆ ಓರೆಯಾದದ್ದನ್ನು ಅದು ಯಾವಾಗಲೂ ಹಿಡಿಯುತ್ತದೆ ಅನ್ನುವಂತಿಲ್ಲ. ಕರೆಂಟ್ ಹಂಚಿಕೆಯನ್ನಂತೂ ಅದು ನೋಡುವುದೇ ಇಲ್ಲ.

ಹಾಗಾಗಿ ಕಣ್ಣನ್ನೇ ನಂಬಬೇಕು. ಆಗುವುದಾದರೆ ಕಾರ್ಡನ್ನು ಕ್ಯಾಬಿನೆಟ್ಟಿಗೆ ಸೇರಿಸುವ ಮೊದಲೇ ಮೇಜಿನ ಮೇಲಿಟ್ಟು ಪ್ಲಗ್ ಹಾಕಿ. ಒಳಗೆ ಕೈ ತೂರಿಸಿ ಓರೆಯಾಗಿ ಒತ್ತುವುದಕ್ಕಿಂತ ಇದು ಎಷ್ಟೋ ವಾಸಿ. ತಂತಿ ಹಿಡಿದು ತಳ್ಳಬೇಡಿ, ಪ್ಲಗ್ಗಿನ ಗಟ್ಟಿ ಮೈಯನ್ನೇ ಎರಡೂ ಬದಿ ಹಿಡಿದು ನೇರವಾಗಿ ಒತ್ತಿ. ಇನ್ನೊಂದು ಕೈ ಕಾರ್ಡಿನ ಕೆಳಗಿರಲಿ, ಇಲ್ಲದಿದ್ದರೆ ಒತ್ತುವ ಬಲ ಬೋರ್ಡ್ ಮೇಲೆ ಬೀಳುತ್ತದೆ. ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಒತ್ತಬೇಕಾಗುತ್ತದೆ. ಕ್ಲಿಕ್ ಶಬ್ದ ಕೆಲವು ಪ್ಲಗ್ಗುಗಳಲ್ಲಿ ಜೋರು, ಕೆಲವದರಲ್ಲಿ ಕೇಳಿಸುವುದೇ ಇಲ್ಲ. ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಒತ್ತಿದ ಮೇಲೆ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಡಿ. ಪ್ಲಗ್ಗಿನ ಅಂಚು ಮತ್ತು ಸಾಕೆಟ್ಟಿನ ಅಂಚು ಕೂಡುವ ಗೆರೆಯನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಗೆರೆ ಒಂದೇ ಸಮ ಸಣ್ಣಗಿರಬೇಕು. ಒಂದು ತುದಿಯಲ್ಲಿ ಕೂದಲೆಳೆ, ಇನ್ನೊಂದು ತುದಿಯಲ್ಲಿ ಉಗುರು ತೂರುವಷ್ಟು ಇದ್ದರೆ ಅದೇ ಓರೆ. ಮೇಲಿನ ಕೊಂಡಿ ಸಾಕೆಟ್ಟಿನ ಹಲ್ಲನ್ನು ದಾಟಿ ಕೂತಿದೆಯಾ ನೋಡಿ. ಪ್ಲಗ್ಗಿನ ಮೈ ಹಿಡಿದು ಮೆತ್ತಗೆ ಹಿಂದಕ್ಕೆ ಎಳೆಯಿರಿ, ಅಲುಗಬಾರದು. ಕೆಲವು ಕೇಬಲ್ಲುಗಳಲ್ಲಿ ಪ್ಲಗ್ಗಿನ ತುದಿಗೆ ಹಳದಿ ಬಣ್ಣ ಕೊಟ್ಟಿರುತ್ತಾರೆ, ಹಳದಿ ಕಂಡರೆ ಇನ್ನೂ ಕೂತಿಲ್ಲ ಅಂತ ಅರ್ಥ. ಇಷ್ಟು ಸರಳವಾದ ಉಪಾಯ ಎಲ್ಲದರಲ್ಲೂ ಯಾಕಿಲ್ಲವೋ.

ಸುಮ್ನೆ ಮತ್ತೆ ಮತ್ತೆ ತೆಗೆದು ಹಾಕಿ ನೋಡುವುದೂ ಒಳ್ಳೆಯದಲ್ಲ. ಈ ಪ್ಲಗ್ಗಿಗೆ ಹೇಳಿರುವುದು ಒಟ್ಟು 30 ಸಲ. ಆಮೇಲೆ ತಕ್ಷಣ ಕೆಡುತ್ತದೆ ಅಂತಲ್ಲ, ಪಿನ್ನಿನ ಹಿಡಿತಕ್ಕೆ ಮಾತ್ರ ಯಾರೂ ಭರವಸೆ ಕೊಡುವುದಿಲ್ಲ. ಹಳೆಯ ಕೇಬಲ್ಲನ್ನು ಕಾರ್ಡಿನಿಂದ ಕಾರ್ಡಿಗೆ ಬದಲಿಸುತ್ತಾ ಬಂದವರು ಇದನ್ನು ನೆನಪಿಡಿ. 2025ರ ಫೆಬ್ರವರಿಯಲ್ಲಿ ಜರ್ಮನಿಯ ರೋಮನ್ ಹಾರ್ಟುಂಗ್, ಡೆರ್ಬೌಯರ್ ಎಂಬ ಹೆಸರಿನಲ್ಲಿ ವೀಡಿಯೊ ಮಾಡುವವರು, ತಮ್ಮ 5090ರ ತಂತಿಗಳನ್ನು ಒಂದೊಂದಾಗಿ ಅಳೆದರು. ಅವರೂ ಬಳಸಿ ಹಳೆಯದಾದ ಕೇಬಲ್ಲನ್ನೇ ಹಾಕಿದ್ದರು. ಒಂದು ತಂತಿಯಲ್ಲಿ 20 ಆಂಪಿಯರ್‌ಗೂ ಮೇಲೆ ಹರಿಯುತ್ತಿತ್ತು. ಪವರ್ ಸಪ್ಲೈ ಕಡೆಯ ತುದಿ ಕೆಲವೇ ನಿಮಿಷದಲ್ಲಿ 150 ಡಿಗ್ರಿ ತಲುಪಿತ್ತು. ಕಾರ್ಡಿನ ಕಡೆ ಮಾತ್ರ ಪರೀಕ್ಷಿಸಿ ನಿಲ್ಲಿಸಬಾರದು ಅನ್ನುವುದಕ್ಕೆ ಇದೇ ಕಾರಣ. ಆ ಕಡೆಯ ಪ್ಲಗ್ಗೂ ಅಷ್ಟೇ ಮುಖ್ಯ.

ಬಾಗಿಸುವಾಗ ಆಗುವುದೇನು

ಕೇಬಲ್ ತಯಾರಕರು ಹೇಳುವ ಅಳತೆ 35 ಮಿಲಿಮೀಟರ್. ಪ್ಲಗ್ಗಿನ ಹಿಂಭಾಗದಿಂದ ಅಷ್ಟು ದೂರ ತಂತಿಗಳು ನೇರವಾಗಿ ಹೋಗಬೇಕು, ಆಮೇಲೆ ಬಾಗಬಹುದು. ಈ ಅಳತೆ ಯಾಕೆ ಅಂತ ತಿಳಿದರೆ ಯಾವ ಕಡೆಗೆ ಬಾಗಿಸಬೇಕು ಅನ್ನುವುದೂ ತಾನಾಗೇ ಹೊಳೆಯುತ್ತದೆ.

ತಂತಿಯ ತುದಿಯ ಲೋಹದ ಗೂಡು ಪ್ಲಗ್ಗಿನೊಳಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಒಂದು ಸಣ್ಣ ಮುಳ್ಳಿನ ಆಧಾರದಲ್ಲಿ ನಿಂತಿದ್ದು, ಚೂರು ಅಲುಗಾಡುತ್ತದೆ. ತಂತಿಯನ್ನು ಬುಡದಲ್ಲೇ ಮಡಚಿದರೆ ಆ ಗೂಡು ಓರೆಯಾಗುತ್ತದೆ. ಪಿನ್ನನ್ನು ನಾಲ್ಕೂ ಕಡೆಯಿಂದ ಹಿಡಿಯಬೇಕಾದ ಸ್ಪ್ರಿಂಗ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗುತ್ತದೆ. ಪ್ಲಗ್ ಹೊರಗಿನಿಂದ ನೋಡಿದರೆ ಪೂರ್ತಿ ಕೂತಿರುತ್ತದೆ. ಒಳಗೆ ಹಿಡಿತ ಹೋಗಿರುತ್ತದೆ.

ದಿಕ್ಕಿನ ವಿಚಾರಕ್ಕೆ ಬನ್ನಿ. ಒಂದು ಸಾಲಿನಲ್ಲಿ ಆರು ತಂತಿ, 3 ಮಿಲಿಮೀಟರ್ ಅಂತರ. ಮೊದಲಿನಿಂದ ಕೊನೆಗೆ 15 ಮಿಲಿಮೀಟರ್. ಕೇಬಲ್ಲನ್ನು ಸಾಲಿನ ಉದ್ದಕ್ಕೆ, ಅಂದರೆ ಎಡಕ್ಕೋ ಬಲಕ್ಕೋ ಲಂಬವಾಗಿ ತಿರುಗಿಸಿದರೆ ಹೊರಗಿನ ತಂತಿ ಒಳಗಿನದಕ್ಕಿಂತ ಸುಮಾರು 24 ಮಿಲಿಮೀಟರ್ ಜಾಸ್ತಿ ಸುತ್ತಬೇಕು. ಅದೇ ಕೊಂಡಿ ಇರುವ ಅಗಲ ಮೈಯ ಕಡೆಗೋ ಅದರ ಹಿಂಬದಿಗೋ ತಿರುಗಿಸಿದರೆ ಎರಡು ಸಾಲುಗಳ ನಡುವೆ ಬರುವ ವ್ಯತ್ಯಾಸ 5 ಮಿಲಿಮೀಟರ್ ಮಾತ್ರ. 24 ಮಿಲಿಮೀಟರ್ ಎಲ್ಲಿಂದ ಬರಬೇಕು? ತಂತಿಗಳು ಸಡಿಲವಾಗಿದ್ದರೆ ಒಂದರ ಮೇಲೊಂದು ಜಾರಿ ಸರಿಹೋಗುತ್ತವೆ. ಬುಡದಲ್ಲೇ ಬಾಚಣಿಗೆಯಂಥ ಕ್ಲಿಪ್ಪಿನಿಂದ ಕಟ್ಟಿಹಾಕಿದ್ದರೆ ಜಾರಲು ಆಗುವುದಿಲ್ಲ, ಆ ಎಳೆತವೆಲ್ಲ ಪ್ಲಗ್ಗಿನ ಒಂದು ಮೂಲೆಗೆ ಬೀಳುತ್ತದೆ. ನನ್ನ ಗೆಳೆಯನ ಪ್ಲಗ್ಗಿನಲ್ಲಿ ಕಂದಾಗಿದ್ದು ಮೂಲೆಯ ಎರಡು ಎಂದು ಹೇಳಿದ್ದೆ ಅಲ್ವಾ? ಅವನ ಕೇಬಲ್ ಬುಡದಲ್ಲೇ ಎಡಕ್ಕೆ ತಿರುಗಿತ್ತು, ಅಂದವಾಗಿ ಕಾಣಲೆಂದು ಮೊದಲ ಕ್ಲಿಪ್ಪನ್ನು ಪ್ಲಗ್ಗಿಗೆ ತಾಗಿಸಿಯೇ ಹಾಕಿದ್ದ.

ತಿರುಗಿಸುವುದಿದ್ದರೆ ಪ್ಲಗ್ ಹಾಕುವ ಮೊದಲೇ ಕೇಬಲ್ಲನ್ನು ಕೈಯಲ್ಲಿ ಬಾಗಿಸಿ ಆಕಾರಕ್ಕೆ ತನ್ನಿ. ಆಮೇಲೆ ಹಾಕಿ. ಹಾಕಿದ ಮೇಲೆ ಎಳೆದು ಬಾಗಿಸಿದರೆ ಇಡೀ ಬಲ ಪಿನ್ನುಗಳ ಮೇಲೆ ಬೀಳುತ್ತದೆ.

ಜಾಗ ಇದೆಯಾ ಅಂತ ಅಳೆಯುವುದು ಸುಲಭ. ಕಾರ್ಡ್ ಕೂರಿಸಿ, ಪ್ಲಗ್ ಹಾಕಿ, ಪ್ಲಗ್ಗಿನ ಹಿಂಭಾಗದಿಂದ ಗಾಜಿನ ಬಾಗಿಲು ಬರುವ ಜಾಗಕ್ಕೆ ಸ್ಕೇಲ್ ಇಡಿ. 35 ಮಿಲಿಮೀಟರ್ ನೇರ ಹೋಗಿ, ಅಲ್ಲಿಂದ ತಿರುಗಲು ಇನ್ನೊಂದಿಷ್ಟು ಬೇಕು. ಅಳತೆ 35ಕ್ಕಿಂತ ಕಡಿಮೆ ಬಂದರೆ ಆ ಕ್ಯಾಬಿನೆಟ್ಟಿಗೆ ಆ ಕಾರ್ಡ್ ಒಗ್ಗುವುದಿಲ್ಲ. ಬಾಗಿಲು ಒತ್ತಿ ಮುಚ್ಚುವುದಕ್ಕೆ ಹೋಗಬೇಡಿ.

ಅಡಾಪ್ಟರ್ ಹಾಕಿದರೆ?

ಜಾಗ ಇಲ್ಲದವರಿಗೆ ಮೊದಲು ಹೊಳೆಯುವುದು 90 ಡಿಗ್ರಿ ತಿರುಗಿದ ಪುಟ್ಟ ಅಡಾಪ್ಟರ್. ನೋಡಲು ಚೆಂದ. ಆದರೆ ಅದು ಒಂದು ಪ್ಲಗ್ ಜೋಡಣೆಯ ಬದಲು ಎರಡು ಜೋಡಣೆ ಮಾಡುತ್ತದೆ. ಪಿನ್ ಕೂಡುವ ಜಾಗ ಆರರಿಂದ ಹನ್ನೆರಡಾಯಿತು, ಪ್ರತಿಯೊಂದಕ್ಕೂ ಅದೇ ಇಕ್ಕಟ್ಟಿನ ಮಿತಿ. ಕೇಬಲ್‌ಮಾಡ್ ಕಂಪನಿಯ ಇಂಥ ಅಡಾಪ್ಟರುಗಳಲ್ಲಿ ಸುಮಾರು 25,300ನ್ನು 2024ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಹಿಂದಕ್ಕೆ ಕರೆಸಲಾಯಿತು. ಸಡಿಲವಾಗಿಯೋ ಕರಗಿಯೋ ಕೆಟ್ಟ 272 ದೂರುಗಳು ಅಷ್ಟರಲ್ಲಿ ಬಂದಿದ್ದವು. ಆ ಆವೃತ್ತಿಗಳು, ಅಂದರೆ 1.0 ಮತ್ತು 1.1, ಇನ್ನೂ ಯಾರ ಕಾರ್ಡಿನಲ್ಲಾದರೂ ಇದ್ದರೆ ಇವತ್ತೇ ತೆಗೆಯಿರಿ. ಹಳೆಯ ಕಾರ್ಡ್ ಕೊಂಡವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಕಾರ್ಡಿನ ಜೊತೆ ಬರುವ, ಎಂಟು ಪಿನ್ನಿನ ನಾಲ್ಕು ಬಾಲವುಳ್ಳ ಅಡಾಪ್ಟರ್ ಬೇರೆ ಥರದ್ದು. ಅದನ್ನು ಬಳಸಬಹುದು. ಒಂದೊಂದು ಬಾಲಕ್ಕೂ ಪವರ್ ಸಪ್ಲೈಯಿಂದ ಪ್ರತ್ಯೇಕ ಕೇಬಲ್ ಬರಲಿ. ಒಂದೇ ಕೇಬಲ್ಲಿನ ಎರಡು ತುದಿಯನ್ನು ಎರಡು ಬಾಲಕ್ಕೆ ಹಾಕಿದರೆ ಆ ಒಂದು ಕೇಬಲ್ ಮೇಲೆ 300 ವ್ಯಾಟ್ ಬೀಳುತ್ತದೆ. ಹೊಸದಾಗಿ ಪವರ್ ಸಪ್ಲೈ ಕೊಳ್ಳುವವರಿಗೆ ನನ್ನ ಸಲಹೆ, ಅಡಾಪ್ಟರೇ ಬೇಡದ, ನೇರ 12V-2x6 ಕೇಬಲ್ ಇರುವುದನ್ನೇ ಆರಿಸಿ.

ಗೆಳೆಯನ ಕಂಪ್ಯೂಟರಿಗೆ ಮಾಡಿದ್ದು

ಅವನ ಕಾರ್ಡಿನ ಸಾಕೆಟ್ ಅದೃಷ್ಟಕ್ಕೆ ಉಳಿದಿತ್ತು. ಪಿನ್ನುಗಳ ಮೇಲೆ ಕಂದು ಕಲೆ ಇರಲಿಲ್ಲ, ಪ್ಲಾಸ್ಟಿಕ್ ನೇರವಾಗಿತ್ತು. ಕಲೆ ಇದ್ದಿದ್ದರೆ ಹೊಸ ಕೇಬಲ್ ಹಾಕಿ ಪ್ರಯೋಜನವಿಲ್ಲ. ಸುಟ್ಟ ಪಿನ್ ಹೊಸ ಕೇಬಲ್ಲಿನ ಗೂಡನ್ನೂ ಸುಡುತ್ತದೆ, ಸಾಕೆಟ್ಟನ್ನೇ ಬದಲಿಸಬೇಕು.

ಅವನದೇ ಪವರ್ ಸಪ್ಲೈ ಮಾದರಿಗೆ ಮಾಡಿದ ಹೊಸ ಕೇಬಲ್ ತರಿಸಿದೆವು. ಬೇರೆ ಮಾದರಿಯದು ಗಾತ್ರದಲ್ಲಿ ಹೊಂದಿದರೂ ಪವರ್ ಸಪ್ಲೈ ಕಡೆಯ ತಂತಿಗಳ ಕ್ರಮ ಬೇರೆ ಇರಬಹುದು, ಅದು ಕಾರ್ಡನ್ನೇ ಕೊಲ್ಲುತ್ತದೆ. ಕ್ಯಾಬಿನೆಟ್ ಅಳೆದರೆ ಪ್ಲಗ್ಗಿನಿಂದ ಗಾಜಿಗೆ 22 ಮಿಲಿಮೀಟರ್ ಮಾತ್ರ. ಅವನು ಬೇಸರದಿಂದಲೇ ಅಗಲದ ಕ್ಯಾಬಿನೆಟ್ ಕೊಂಡ. ಅಲ್ಲಿಯವರೆಗೆ ಬಾಗಿಲು ತೆಗೆದಿಟ್ಟು, ಪವರ್ ಮಿತಿಯನ್ನು 450ರಿಂದ 360 ವ್ಯಾಟ್‌ಗೆ ಇಳಿಸಿದೆವು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಟರ್ಮಿನಲ್ಲಿನಲ್ಲಿ ಒಂದೇ ಸಾಲು:

```
nvidia-smi -pl 360
```

ಕರೆಂಟ್ ಐದನೇ ಒಂದು ಪಾಲು ಕಡಿಮೆಯಾದರೆ ಪ್ಲಗ್ಗಿನ ಬಿಸಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತದೆ, ಯಾಕೆಂದರೆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಆಟದ ವೇಗ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಂಪ್ಯೂಟರ್ ಮರಳಿ ಶುರುವಾದಾಗ ಈ ಮಿತಿ ಅಳಿಸಿಹೋಗುತ್ತದೆ, ಮತ್ತೆ ಕೊಡಬೇಕು.

ಹೊಸ ಕ್ಯಾಬಿನೆಟ್ ಬಂದ ಮೇಲೆ ಕೇಬಲ್ಲನ್ನು ಮೊದಲೇ ಬಾಗಿಸಿ, ಪ್ಲಗ್ ಹಾಕಿ, ಮಿತಿಯನ್ನು ಮತ್ತೆ 450ಕ್ಕೆ ತಂದೆವು. ಕ್ಲ್ಯಾಂಪ್ ಮೀಟರ್ ಎರವಲು ತಂದಿದ್ದೆ. ಅದು ಡಿಸಿ ಕರೆಂಟ್ ಅಳೆಯುವಂಥದ್ದೇ ಆಗಿರಬೇಕು. ಪ್ಲಗ್ಗಿನ ಹತ್ತಿರ ಕೈ ಹಾಕದೆ, ಕೇಬಲ್ಲಿನ ನಡುಭಾಗದಲ್ಲಿ 12 ವೋಲ್ಟಿನ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಅದರ ಬಾಯಿಗೆ ಕೊಟ್ಟೆ. ಆಟ ಪೂರ್ತಿ ಹೊರೆಯಲ್ಲಿ ಓಡುತ್ತಿತ್ತು.

"ಎಷ್ಟು ಬಂದ್ರೆ ಒಳ್ಳೇದು?" ಅಂತ ಪಕ್ಕದಲ್ಲಿ ನಿಂತು ಕೇಳಿದ.

"ಆರೂ ಹತ್ತಿರ ಹತ್ತಿರ ಇರಬೇಕು. ಒಂದು ಒಂಬತ್ತು ದಾಟಿದ್ರೂ ಆಫ್ ಮಾಡೋಣ."

ಬಂದದ್ದು 5.6, 6.4, 6.1, 6.6, 6.0, 6.3. ಕೂಡಿದರೆ 37. ಕಾರ್ಡ್ ಸ್ವಲ್ಪ ಪವರನ್ನು ಮದರ್‌ಬೋರ್ಡ್ ಸ್ಲಾಟಿನಿಂದಲೂ ಎಳೆಯುತ್ತದೆ, ಹಾಗಾಗಿ 450 ವ್ಯಾಟ್‌ಗೆ ಲೆಕ್ಕ ಸರಿಯಾಗಿತ್ತು. ಬಾಗಿಲು ಮುಚ್ಚಿ, ಗಾಜಿನ ಆಚೆಯಿಂದ ಟಾರ್ಚ್ ಬಿಟ್ಟು ಪ್ಲಗ್ಗಿನ ಗೆರೆಯನ್ನು ಇನ್ನೊಂದು ಸಲ ನೋಡಿದೆವು. ಎಡದಿಂದ ಬಲದವರೆಗೆ ಕೂದಲೆಳೆಯಷ್ಟೇ ಇತ್ತು. ಅವನು ಆ ಗೆರೆಯ ಫೋಟೋ ತೆಗೆದು ಇಟ್ಟುಕೊಂಡಿದ್ದಾನೆ, ತಿಂಗಳು ಬಿಟ್ಟು ಮತ್ತೆ ತೆಗೆದು ಹೋಲಿಸಲು.